ಪಹಣಿಯಿಂದ ಪಾಸ್‌ಬುಕ್‌ವರೆಗೆ: ಬೆಳೆ ವಿಮೆಗೆ ಮೊದಲು ಸರಿಪಡಿಸಿಕೊಳ್ಳಬೇಕಾದ್ದು

ಹೋದ ಮುಂಗಾರಿನಲ್ಲಿ ನಮ್ಮ ದೊಡ್ಡಪ್ಪ ಬೆಳೆ ವಿಮೆ ತುಂಬಿದ ರಸೀದಿಯನ್ನು ಪಂಚಾಂಗದೊಳಗೆ ಮಡಚಿಟ್ಟು ನಿಶ್ಚಿಂತರಾಗಿದ್ದರು. ಮೆಕ್ಕೆಜೋಳ ಕೈಕೊಟ್ಟಿತು. ಅಕ್ಕಪಕ್ಕದವರ ಖಾತೆಗೆ ಹಣ ಬಂತು, ಇವರದ್ದು ಬರಲಿಲ್ಲ. ವಿಚಾರಿಸಿದರೆ ಬೆಳೆ ಸಮೀಕ್ಷೆಯಲ್ಲಿ ಅವರ ಹೊಲದಲ್ಲಿ ಮೆಕ್ಕೆಜೋಳವೇ ಇಲ್ಲ, ಅಲ್ಲಿದ್ದದ್ದು ಶೇಂಗಾ! ಅದನ್ನು ಸರಿಪಡಿಸುವ ಓಡಾಟದಲ್ಲಿ ಒಂದು ಮಾತು ಮನದಟ್ಟಾಯಿತು. ಹಣ ಸಿಗದಿರುವುದು ಹೆಚ್ಚಾಗಿ ವಿಮೆ ತುಂಬದ್ದರಿಂದಲ್ಲ. ಪಹಣಿ, ಬೆಳೆ ಸಮೀಕ್ಷೆ, ಬ್ಯಾಂಕ್ ಈ ಮೂರರಲ್ಲಿ ಒಂದು ಹೇಳುವುದು ಇನ್ನೊಂದಕ್ಕೆ ತಾಳೆಯಾಗದೆ ಹೋಗುವುದರಿಂದ.

ಕರ್ನಾಟಕದಲ್ಲಿ ಈ ಮೂರನ್ನೂ ಕಟ್ಟಿಹಾಕುವ ಹಗ್ಗ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ, ಎಲ್ಲರೂ ಎಫ್‌ಐಡಿ ಅನ್ನುವುದು. ಬೆಳೆ ವಿಮೆ, ಬರ ಪರಿಹಾರ, ಬೆಂಬಲ ಬೆಲೆ ಖರೀದಿ, ಬೀಜ ಮತ್ತು ಯಂತ್ರೋಪಕರಣದ ಸಬ್ಸಿಡಿ ಎಲ್ಲವೂ ಈಗ ಅದರ ಮೂಲಕವೇ ಸಾಗುತ್ತವೆ. ಹಾಗಾಗಿ ಕೆಲಸವನ್ನು ಅಲ್ಲಿಂದಲೇ ಶುರು ಮಾಡೋಣ.

ಮೊದಲು ಪಹಣಿ ತೆಗೆದು ಓದಿ

ನೋಂದಣಿಗೆ ಹೊರಡುವ ಮುಂಚೆ ಈ ವರ್ಷದ ಪಹಣಿಯನ್ನು ಮುಂದಿಟ್ಟುಕೊಳ್ಳಿ. ನೋಡಬೇಕಾದ ಕಾಲಂ ಮೂರೇ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದಿಂದ ಖರಾಬು ಕಳೆದು ಉಳಿದದ್ದು ಎಷ್ಟು ಎಂದಿರುತ್ತದೆ. ವಿಮೆಗೂ ಪರಿಹಾರಕ್ಕೂ ಲೆಕ್ಕ ಆ ಉಳಿದ ಜಮೀನಿನದ್ದೇ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, ವಿಸ್ತೀರ್ಣ, ಖಾತೆ ಸಂಖ್ಯೆ ಇರುತ್ತದೆ. 12ನೇ ಕಾಲಂನಲ್ಲಿ ಸಾಗುವಳಿದಾರರು ಮತ್ತು ಬೆಳೆ.

ಹೆಚ್ಚು ಜನ ಸಿಕ್ಕಿಬೀಳುವುದು 9ರಲ್ಲಿ. ಆಧಾರ್‌ನಲ್ಲಿ ‘ಈರಪ್ಪ’, ಪಹಣಿಯಲ್ಲಿ ‘ವೀರಪ್ಪ ಬಿನ್ ಬಸಪ್ಪ’ ಎಂಬಂಥ ವ್ಯತ್ಯಾಸವಿದ್ದರೆ ಯಂತ್ರ ಎರಡನ್ನೂ ಒಬ್ಬರೆಂದು ಒಪ್ಪುವುದಿಲ್ಲ, ಅಧಿಕಾರಿ ನೋಡಿ ಒಪ್ಪಬೇಕು. ಹೆಸರಿನ ವ್ಯತ್ಯಾಸಕ್ಕೆ ಹೀಗೆ ದಾರಿಯಿದೆ. ತೀರಿಹೋದ ಅಪ್ಪನ ಹೆಸರೇ ಪಹಣಿಯಲ್ಲಿ ಕೂತಿದ್ದರೆ ದಾರಿ ಕಷ್ಟ. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಜೋಡಿಸಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಲೇಬೇಕು. ಅಣ್ಣತಮ್ಮಂದಿರ ನಡುವೆ ಮನಸ್ತಾಪವಿರುವ ಮನೆಗಳಲ್ಲಿ ಈ ಒಂದು ಕಾಗದ ವರ್ಷಗಟ್ಟಲೆ ನಿಂತಿರುತ್ತದೆ. ಬಿತ್ತನೆ ಶುರುವಾದ ಮೇಲೆ ಎಚ್ಚೆತ್ತರೆ ಆ ಹಂಗಾಮಿಗೆ ಆಗುವ ಕೆಲಸವಲ್ಲ.

ಎಫ್‌ಐಡಿ ಮಾಡಿಸುವುದು

ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಎಲ್ಲ ಸರ್ವೆ ನಂಬರ್‌ಗಳ ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಫೋಟೊ, ಚಾಲ್ತಿಯಲ್ಲಿರುವ ಮೊಬೈಲ್ ತೆಗೆದುಕೊಂಡು ಹೋಗಿ. ಪರಿಶಿಷ್ಟ ಜಾತಿ, ಪಂಗಡದವರು ಜಾತಿ ಪ್ರಮಾಣಪತ್ರದಲ್ಲಿರುವ ಆರ್‌ಡಿ ಸಂಖ್ಯೆ ಕೊಡಬೇಕು. ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಇಲಾಖೆಯ ಕಚೇರಿಗಳಲ್ಲೂ ನೋಂದಣಿ ನಡೆಯುತ್ತದೆ. ಮನೆಯಲ್ಲೇ ಮಾಡುವವರಿಗೆ fruits.karnataka.gov.in ತಾಣವಿದೆ. ಅಲ್ಲಿ ತುಂಬಿದ್ದನ್ನು ಇಲಾಖೆಯವರು ಒಪ್ಪಿದ ಮೇಲೆಯೇ ಎಫ್‌ಐಡಿ ಊರ್ಜಿತ.

ಜಮೀನು ಸೇರಿಸುವ ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಎಂದು ಕೇಳುತ್ತದೆ. ಸರ್ನೋಕ್ ಅಂದರೆ ಸರ್ವೆ ನಂಬರ್ ಪಕ್ಕದ ಗುರುತು. ಅಲ್ಲಿ ಪಹಣಿಯಲ್ಲಿ `*` ಅಂತಷ್ಟೇ ಇದ್ದರೆ ಅದನ್ನೇ ಆರಿಸಬೇಕು. ಗ್ರಾಮದ ವಿಷಯದಲ್ಲೂ ಜಾಗ್ರತೆ. ನೀವು ವಾಸವಿರುವ ಊರಲ್ಲ, ಜಮೀನು ಯಾವ ಗ್ರಾಮದ ಸರಹದ್ದಿನಲ್ಲಿದೆಯೋ ಅದು ಬೇಕು. ಮನೆಯೊಂದೂ ಇಲ್ಲದ ಬೇಚರಾಕ್ ಗ್ರಾಮದಲ್ಲಿ ಹೊಲವಿರುವವರು ತಮ್ಮೂರಿನ ಹೆಸರು ಆರಿಸಿ, ‘ಸರ್ವೆ ನಂಬರೇ ಸಿಗುತ್ತಿಲ್ಲ’ ಅಂತ ವಾಪಸಾಗುವುದನ್ನು ಕಂಡಿದ್ದೇನೆ.

ನಾನು ಒತ್ತಿ ಹೇಳುವುದು ಒಂದೇ: ಇರುವಷ್ಟೂ ಸರ್ವೆ ನಂಬರ್ ಸೇರಿಸಿ. ‘ಸಾಲ ಇರೋದು ಒಂದು ಹೊಲದ ಮೇಲೆ, ಅದೊಂದು ಸಾಕು’ ಎಂದು ಬಿಟ್ಟವರಿಗೆ 2023ರ ಬರದಲ್ಲಿ ಪಾಠ ಸಿಕ್ಕಿತು. ಆ ಸಲ ಪರಿಹಾರದ ಲೆಕ್ಕಕ್ಕೆ ಹಿಡಿದದ್ದು ಫ್ರೂಟ್ಸ್‌ನಲ್ಲಿ ಜೋಡಣೆಯಾಗಿದ್ದ ವಿಸ್ತೀರ್ಣವನ್ನು. ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ಗರಿಷ್ಠ 2 ಹೆಕ್ಟೇರ್ ಎಂಬುದು ಆಗಿನ ನಿಯಮ. ಐದು ಎಕರೆಯಲ್ಲಿ ಒಂದೂವರೆ ಮಾತ್ರ ಜೋಡಿಸಿದವರಿಗೆ ಹಣವೂ ಅಷ್ಟಕ್ಕೇ.

ಬೆಳೆ ದಾಖಲೆ: ದೊಡ್ಡಪ್ಪನ ಹೊಲದ ಕಥೆ

ದೊಡ್ಡಪ್ಪನ ಹೊಲ 3 ಎಕರೆ 20 ಗುಂಟೆ. ಅದರಲ್ಲಿ 2 ಎಕರೆ 10 ಗುಂಟೆಗೆ ಮೆಕ್ಕೆಜೋಳ, ಉಳಿದ 1 ಎಕರೆ 10 ಗುಂಟೆಗೆ ಶೇಂಗಾ. ಎಕರೆಗೆ 40 ಗುಂಟೆ, ಹೆಕ್ಟೇರಿಗೆ ಸುಮಾರು 2 ಎಕರೆ 19 ಗುಂಟೆ. ಆ ಪ್ರಕಾರ ಮೆಕ್ಕೆಜೋಳ 2.25 ಎಕರೆ, ಅಂದರೆ 0.91 ಹೆಕ್ಟೇರ್.

ಪ್ರಧಾನಮಂತ್ರಿ ಫಸಲ್ ಬಿಮಾದಲ್ಲಿ ಮುಂಗಾರಿನ ಆಹಾರ ಧಾನ್ಯ ಮತ್ತು ಎಣ್ಣೆಕಾಳಿಗೆ ರೈತರು ಕಟ್ಟುವುದು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಗರಿಷ್ಠ ಶೇ 5. ವಿಮಾ ಮೊತ್ತ ಜಿಲ್ಲೆ, ಬೆಳೆಗೆ ತಕ್ಕಂತೆ ಬೇರೆ. ಲೆಕ್ಕಕ್ಕೆ ಹೆಕ್ಟೇರಿಗೆ 60,000 ಎಂದಿಟ್ಟುಕೊಂಡರೆ 0.91 ಹೆಕ್ಟೇರಿಗೆ ವಿಮೆ 54,600, ಕಂತು 1,092 ರೂಪಾಯಿ.

ವಿಮೆ ಅರ್ಜಿಯಲ್ಲಿ ‘ಮುಸುಕಿನ ಜೋಳ’ ಎಂದು ಇರುತ್ತದೆ. ನಮ್ಮಲ್ಲಿ ಮೆಕ್ಕೆಜೋಳ, ಗೋವಿನಜೋಳ ಅನ್ನುವುದು ಅದೇ. ಅದರ ಪಕ್ಕದಲ್ಲಿ ‘ಮಳೆ ಆಶ್ರಿತ’ ಅಥವಾ ‘ನೀರಾವರಿ’ ಎಂಬ ಪದವಿದೆಯಲ್ಲ, ಅದನ್ನು ನೋಡದೆ ಮುಂದೆ ಹೋಗಬೇಡಿ. ವಿಮೆಯ ಮಟ್ಟಿಗೆ ಅವೆರಡೂ ಬೇರೆ ಬೇರೆ ಬೆಳೆ. ವಿಮೆ ನೋಂದಣಿ ಸಾಗುವುದು ಸಂರಕ್ಷಣೆ ತಂತ್ರಾಂಶದಲ್ಲಿ. ಬೆಳೆಸಾಲ ಇರುವವರದ್ದು ಬ್ಯಾಂಕಿನಲ್ಲೇ ಆಗುತ್ತದೆ. ಸಾಲಗಾರರಿಗೂ 2020ರ ಮುಂಗಾರಿನಿಂದ ವಿಮೆ ಕಡ್ಡಾಯವಲ್ಲ, ಬೇಡವೆಂದರೆ ಕೊನೇ ದಿನಕ್ಕೆ ಏಳು ದಿನ ಮುಂಚೆ ಬ್ಯಾಂಕಿಗೆ ಬರೆದುಕೊಡಬೇಕು. ಬರೆದುಕೊಡದಿದ್ದರೆ ಕಂತು ಕಡಿತವಾಗುತ್ತದೆ. ಯಾವ ಬೆಳೆಗೆ ಕಡಿತವಾಯಿತು ಎಂದು ಆಗಲೇ ಕೇಳಿ. ಹಳೆ ವರ್ಷದ ಬೆಳೆಯ ಹೆಸರಿನಲ್ಲೇ ಕಂತು ಹೋಗಿಬಿಟ್ಟಿರುವ ಸಾಧ್ಯತೆ ಇರುತ್ತದೆ.

ಇಷ್ಟಾದ ಮೇಲೆ ಬರುವುದು ಬೆಳೆ ಸಮೀಕ್ಷೆ. ಊರಿಗೆ ನಿಯೋಜನೆಯಾದ, ‘ಖಾಸಗಿ ನಿವಾಸಿ’ ಎಂದು ಕರೆಯುವ ಸಮೀಕ್ಷೆಗಾರರು ಮೊಬೈಲ್ ಹಿಡಿದು ಹೊಲಕ್ಕೆ ಬಂದು ಬೆಳೆಯ ಫೋಟೊ, ಹೆಸರು, ವಿಸ್ತೀರ್ಣ ತುಂಬುತ್ತಾರೆ. ರೈತರೂ ಆ್ಯಪ್‌ನಲ್ಲಿ ತಾವೇ ತುಂಬಬಹುದು. ಹೊಲದಲ್ಲಿ ನಿಂತು ಮಾಡಬೇಕು, ಏಕೆಂದರೆ ಜಿಪಿಎಸ್ ಜಾಗ ನೋಡುತ್ತದೆ. ದೊಡ್ಡಪ್ಪನ ಹೊಲದ ಬದುವಿಗೆ ಅಂಟಿದ್ದು ಶೇಂಗಾ. ಬಂದ ಹುಡುಗ ದಾರಿಯಲ್ಲೇ ನಿಂತು ಕಣ್ಣಿಗೆ ಬಿದ್ದದ್ದನ್ನು ಕ್ಲಿಕ್ಕಿಸಿ, ಇಡೀ 3 ಎಕರೆ 20 ಗುಂಟೆಗೂ ಶೇಂಗಾ ಎಂದು ಬರೆದಿದ್ದ. ದೊಡ್ಡಪ್ಪ ಆ ದಿನ ಸಂತೆಗೆ ಹೋಗಿದ್ದರು. ಎರಡು ಬೆಳೆಯಿದ್ದರೆ ಎರಡನ್ನೂ ಬೇರೆ ಬೇರೆ ವಿಸ್ತೀರ್ಣದೊಂದಿಗೆ ತುಂಬಿಸಬೇಕು. ಅದಕ್ಕಾಗಿ ಸಮೀಕ್ಷೆಯ ದಿನ ಹೊಲದಲ್ಲಿರುವುದೇ ಮೇಲು.

ಹಾಗೆ ಆಗದಿದ್ದರೂ ಗೊತ್ತುಮಾಡಿಕೊಳ್ಳಲು ದಾರಿ ಇದೆ. ಸಮೀಕ್ಷೆಯಲ್ಲಿ ಏನು ತುಂಬಿದ್ದಾರೆ ಎಂದು ‘ಬೆಳೆ ದರ್ಶಕ್’ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ಫೋಟೊ ಸಮೇತ ನೋಡಬಹುದು. ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಹಾಕಿ. ಹಾಕಿದ್ದು ತಲುಪಿತೆಂದು ನಂಬಿ ಕೂರಬೇಡಿ, ಬೆಳೆ ಹೊಲದಲ್ಲಿರುವಾಗಲೇ ರೈತ ಸಂಪರ್ಕ ಕೇಂದ್ರದಲ್ಲಿ ಲಿಖಿತವಾಗಿಯೂ ಕೊಟ್ಟು ಸ್ವೀಕೃತಿ ಪಡೆಯಿರಿ. ಬೆಳೆ ಕೊಯ್ದ ಮೇಲೆ ಹೊಲ ಸಾಕ್ಷಿ ಹೇಳುವುದಿಲ್ಲ. ದೊಡ್ಡಪ್ಪ ಹೋದದ್ದು ಕೊಯ್ಲಾದ ಮೇಲೆ. ಕೊನೆಗೆ ಅವರನ್ನು ಉಳಿಸಿದ್ದು ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿದ ರಸೀದಿ. ವಿಮೆ ಮಾಡಿಸಿದ ಬೆಳೆಗೂ ಸಮೀಕ್ಷೆಗೂ ತಾಳೆಯಾಗದವರು ಆಕ್ಷೇಪಿಸುವಾಗ ಇಂಥ ಮಾರಾಟದ ರಸೀದಿ, ಆ ವರ್ಷದ ಬೆಳೆ ನಮೂದಾದ ಪಹಣಿ ಕೇಳುತ್ತಾರೆ. ಹಾಗಾಗಿ ಮಾರಾಟದ ಚೀಟಿ ಬಿಸಾಡಬೇಡಿ.

ಇನ್ನು ಎಷ್ಟು ಹಣ ಬರುತ್ತದೆ ಎಂಬುದು. ಅದು ನಿಮ್ಮ ಹೊಲದ ನಷ್ಟದ ಮೇಲೆ ನಿಲ್ಲುವುದಿಲ್ಲ, ಗ್ರಾಮ ಪಂಚಾಯಿತಿ ಅಥವಾ ಹೋಬಳಿಯಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗದ ಸರಾಸರಿಯ ಮೇಲೆ ನಿಲ್ಲುತ್ತದೆ. ವಿಮೆಗಾಗಿ ಗೊತ್ತುಮಾಡಿದ ಖಾತ್ರಿ ಇಳುವರಿ ಹೆಕ್ಟೇರಿಗೆ 40 ಕ್ವಿಂಟಲ್ ಇದ್ದು ಪ್ರಯೋಗದಲ್ಲಿ 30 ಬಂತು ಎನ್ನಿ, ಕೊರತೆ ಶೇ 25. ದೊಡ್ಡಪ್ಪನ 54,600ರಲ್ಲಿ ಅವರಿಗೆ ಸಿಗುವುದು 13,650. ಅವರ ಹೊಲ ಪೂರ್ತಿ ಒಣಗಿದ್ದರೂ ಅಷ್ಟೇ. ನಿಮ್ಮ ಹೊಲವನ್ನೇ ನೋಡುವುದು ಆಲಿಕಲ್ಲು ಮಳೆ, ಭೂಕುಸಿತದಂಥ ಸ್ಥಳೀಯ ವಿಕೋಪದಲ್ಲಿ. ಅದಕ್ಕೆ 72 ಗಂಟೆಯೊಳಗೆ ತಿಳಿಸಬೇಕು, ಸಹಾಯವಾಣಿ 14447.

ಬ್ಯಾಂಕ್: ಜೋಡಣೆ ಒಂದಲ್ಲ, ಎರಡು

ಬ್ಯಾಂಕಿಗೆ ಹೋಗಿ ‘ಆಧಾರ್ ಲಿಂಕ್ ಆಗಿದೆಯಾ’ ಅಂದರೆ ‘ಆಗಿದೆ’ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಅವರು ಹೇಳುವುದು ಕೆವೈಸಿಗೆ ಕೊಟ್ಟ ಆಧಾರ್. ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ, ಅಂದರೆ ಡಿಬಿಟಿ, ಹೋಗುವುದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಜೋಡಣೆಯಾದ ಬ್ಯಾಂಕಿಗೆ. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಅದೂ ಕೊನೆಗೆ ಜೋಡಿಸಿದ್ದು. ಸಂತೆಯಲ್ಲಿ ಬೆರಳಚ್ಚು ಕೊಟ್ಟು ತೆರೆದ ಯಾವುದೋ ಖಾತೆಯಲ್ಲಿ ಹಣ ಬಿದ್ದು, ಮನೆಯವರು ಹಳೆ ಪಾಸ್‌ಬುಕ್ ಹಿಡಿದು ‘ಬಂದಿಲ್ಲ’ ಅನ್ನುತ್ತಿರುತ್ತಾರೆ.

ನೋಡುವುದು ಸುಲಭ. ಯುಐಡಿಎಐನ ಮೈ ಆಧಾರ್ ತಾಣಕ್ಕೆ ಆಧಾರ್ ಸಂಖ್ಯೆ ಮತ್ತು ಮೊಬೈಲಿಗೆ ಬಂದ ಒಟಿಪಿ ಹಾಕಿ ಒಳಹೋಗಿ, `Bank Seeding Status` ಒತ್ತಿದರೆ ಬ್ಯಾಂಕಿನ ಹೆಸರು ಮತ್ತು ಅದು `Active` ಇದೆಯೇ ಎಂದು ತೋರಿಸುತ್ತದೆ. ಅಲ್ಲಿ ಬೇರೆ ಬ್ಯಾಂಕ್ ಇದ್ದರೆ, ಹಣ ಬರಬೇಕಾದ ಶಾಖೆಯಲ್ಲಿ ‘ಡಿಬಿಟಿಗೆ ಎನ್‌ಪಿಸಿಐ ಜೋಡಣೆ ಮಾಡಿ’ ಎಂದೇ ಸ್ಪಷ್ಟವಾಗಿ ಕೇಳಿ. ಬರೀ ‘ಆಧಾರ್ ಲಿಂಕ್’ ಎಂದರೆ ಮತ್ತೆ ಮೊದಲ ಕಥೆಯೇ. ಬಹುಕಾಲ ವ್ಯವಹಾರ ಮಾಡದೆ ನಿಷ್ಕ್ರಿಯವಾದ ಖಾತೆಯಲ್ಲೂ ತೊಡಕಾಗಬಹುದು, ಕೆವೈಸಿ ಕೊಟ್ಟು ಎಚ್ಚರಿಸಿಕೊಳ್ಳಿ.

ಈಗ ದೊಡ್ಡಪ್ಪ ಪಂಚಾಂಗದೊಳಗೆ ರಸೀದಿ ಇಡುವುದಿಲ್ಲ. ಈ ಸಲ ಸಮೀಕ್ಷೆಗೆ ಬಂದ ಹುಡುಗನನ್ನು ತಾವೇ ಮೆಕ್ಕೆಜೋಳದ ಸಾಲಿನೊಳಗೆ ಕರೆದೊಯ್ದು ನಿಲ್ಲಿಸಿ, ‘ತಮ್ಮಾ, ಇಲ್ಲಿ ತೆಗಿ ಫೋಟೊ, ಆಮೇಲೆ ಶೇಂಗಾದ್ದು’ ಅಂದರಂತೆ. ಸಂಜೆ ನನಗೆ ಫೋನ್ ಮಾಡಿ ಕೇಳಿದ್ದು, ಆ ಬೆಳೆ ದರ್ಶಕ್‌ನಲ್ಲಿ ಎರಡೂ ಕಾಣುತ್ತಾವಾ ನೋಡು ಅಂತ.