ಸ್ಕಾಲರ್‌ಶಿಪ್ ಅರ್ಜಿಯಲ್ಲಿ 'ನಿಮ್ಮ ಬಗ್ಗೆ ಬರೆಯಿರಿ' ಅಂದರೆ ಏನು ಬರೆಯಬೇಕು?

ಪುಣೆಗೆ ಓದಲು ಬಂದ ಗಡಿಭಾಗದ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗಳನ್ನು ನೋಡಿದರೆ, ಜಾಸ್ತಿ ಅರ್ಜಿಗಳ ಮೊದಲ ಸಾಲು ಒಂದೇ: 'ನಾನು ಬಡ ಕುಟುಂಬದಲ್ಲಿ ಹುಟ್ಟಿದೆ, ತುಂಬಾ ಕಷ್ಟಪಟ್ಟು ಓದುತ್ತಿದ್ದೇನೆ.' ಇದರಲ್ಲಿ ಸುಳ್ಳೇನಿಲ್ಲ. ಆದರೆ ಓದುವವರ ಮುಂದೆ ಇಂಥವೇ ರಾಶಿ ಇರುತ್ತವೆ. ನಿಮ್ಮನ್ನು ಬೇರೆಯವರಿಂದ ಬಿಡಿಸಿ ತೋರಿಸುವ ಒಂದು ವಿಷಯವೂ ಆ ಸಾಲಿನಲ್ಲಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಾಂಗ್ಲಿ ಜಿಲ್ಲೆಯ ಜತ್ತದ ಹುಡುಗಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಪುಣೆಯಲ್ಲಿ ಬಿಎಸ್ಸಿ ಎರಡನೇ ವರ್ಷ, ರಸಾಯನಶಾಸ್ತ್ರ. ಅಪ್ಪನಿಗೆ ಮಳೆ ನಂಬಿದ ಜೋಳದ ಹೊಲ. ಮೊದಲ ಸೆಮಿಸ್ಟರ್‌ನಲ್ಲಿ ಒಂದು ವಿಷಯ ಹೋಗಿ ಎಟಿಕೆಟಿ ಬಿದ್ದಿದೆ.

ಮೊದಲು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಎಲ್ಲ ಗುರುತು ಹಾಕಿಕೊಳ್ಳಿ. ಅರ್ಜಿ ಇಂಗ್ಲಿಷ್‌ನಲ್ಲೋ ಮರಾಠಿಯಲ್ಲೋ ಹೋಗಲಿ, ವಿಷಯ ನೆನಪಾಗುವುದು ಮನೆಮಾತಿನಲ್ಲಿ. ಹಾಳೆಯ ಎಡಗಡೆ ಏನೇನು ಇರಲಿಲ್ಲ ಅಂತ ಬರೆಯಿರಿ. ಬಲಗಡೆ, ಅದಕ್ಕೆ ನೀವು ಏನು ಮಾಡಿದಿರಿ ಅಂತ. ಬಲಗಡೆ ಖಾಲಿ ಉಳಿದ ಕೊರತೆಯನ್ನು ಅರ್ಜಿಯಲ್ಲಿ ಒಂದು ಸಾಲಿಗಿಂತ ಬೆಳೆಸಬೇಡಿ.

ಈ ಹುಡುಗಿಯ ಹಾಳೆಯಲ್ಲಿ ಎಲ್ಲಕ್ಕಿಂತ ಗಟ್ಟಿ ವಿಷಯ ಯಾವುದು ಗೊತ್ತಾ? ಅವಳು ಮುಚ್ಚಿಡಬೇಕು ಅಂದುಕೊಂಡ ಆ ಎಟಿಕೆಟಿ. ಅಂಕಪಟ್ಟಿ ಹೇಗಿದ್ದರೂ ಅರ್ಜಿಯ ಜೊತೆ ಹೋಗುತ್ತದೆ, ಅದನ್ನು ನೋಡಿಯೇ ನೋಡುತ್ತಾರೆ. ನೀವು ಸುಮ್ನೆ ಇದ್ದರೆ ಕಾರಣವನ್ನು ಅವರೇ ಊಹಿಸಿಕೊಳ್ಳುತ್ತಾರೆ. ಅದಕ್ಕೆ ಹೀಗೆ ಬರೆಯಬಹುದು:

'ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಪಾಠ ಹಿಡಿಯಲು ಆಗದೆ ಒಂದು ವಿಷಯದಲ್ಲಿ ಫೇಲಾದೆ. ಆಮೇಲೆ ಪ್ರತಿ ಪಾಠದ ಶಬ್ದಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದು, ಪಕ್ಕದಲ್ಲಿ ಕನ್ನಡ ಅರ್ಥ ಹಾಕಿಕೊಂಡೆ. ಮುಂದಿನ ಪರೀಕ್ಷೆಯಲ್ಲಿ ಆ ವಿಷಯ ಪಾಸಾಯಿತು. ಆ ನೋಟ್‌ಬುಕ್ಕನ್ನು ಈಗ ನನ್ನ ಊರಿನ ಇಬ್ಬರು ಜೂನಿಯರ್‌ಗಳು ಬಳಸುತ್ತಿದ್ದಾರೆ.'

'ಕಷ್ಟಪಟ್ಟೆ' ಅನ್ನುವ ಮಾತು ಇದರಲ್ಲಿ ಎಲ್ಲೂ ಇಲ್ಲ, ನೋಡಿ. ಹೇಳದೆಯೂ ಗೊತ್ತಾಗುತ್ತದೆ, ಅಲ್ವಾ? ಅರ್ಜಿ ಶುರುವಾಗಬೇಕಾದದ್ದು ಇಲ್ಲಿಂದಲೇ. ಊರು, ಮನೆ, ಜೋಳದ ಹೊಲ ಎಲ್ಲ ಎರಡನೇ ಪ್ಯಾರಾಕ್ಕೆ ಸಾಕು.

ಮುಂದಿನದು ದುಡ್ಡಿನ ಮಾತು. ನಮ್ಮವರಿಗೆ ಇಲ್ಲಿ ಸಂಕೋಚ ಜಾಸ್ತಿ, 'ಆರ್ಥಿಕ ನೆರವು ಸಿಕ್ಕರೆ ಉಪಕಾರ' ಅಂತ ಬರೆದು ಮುಗಿಸಿಬಿಡುತ್ತಾರೆ. ಹಾಗಲ್ಲ, ಲೆಕ್ಕ ಕೊಡಿ. ನಮ್ಮ ಹುಡುಗಿಗೆ ಫೀ 18,000, ಹತ್ತು ತಿಂಗಳ ಮೆಸ್ 32,000, ಕೋಣೆ ಬಾಡಿಗೆ 25,000, ಬಸ್ಸು ಪುಸ್ತಕ ಸೇರಿ 7,000 ಅಂತಿಟ್ಟುಕೊಳ್ಳಿ. ಒಟ್ಟು 82,000 ರೂಪಾಯಿ. ಮನೆಯಿಂದ ಬರುವುದು 30,000. ಪುಣೆ ವಿದ್ಯಾಪೀಠದ 'ಕಮವಾ ಆಣಿ ಶಿಕಾ' ಯೋಜನೆಯಲ್ಲಿ ಕಾಲೇಜು ಲೈಬ್ರರಿ ಕೆಲಸ ಮಾಡಿ ಗಳಿಸುವುದು 20,000. ಉಳಿದ 32,000 ರೂಪಾಯಿಯೇ ಅವಳು ಕೇಳುತ್ತಿರುವ ನೆರವು. ಇಷ್ಟು ಬರೆದರೆ, ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ ಅಂತ ಕೊಡುವವರಿಗೆ ಕಾಣುತ್ತದೆ. ದುಡಿದು ಓದುತ್ತಿದ್ದಾಳೆ ಅನ್ನುವುದೂ ಅದರಲ್ಲೇ ಬಂತು.

ಅರ್ಜಿ ಎಡವುವ ಜಾಗ ಇನ್ನೊಂದಿದೆ. ಮನೆಯ ಆದಾಯ ತಿಂಗಳಿಗೆ ಐದು ಸಾವಿರ ಅಂತ ಬರೆದಿರುತ್ತೀರಿ. ಸೇತು ಕೇಂದ್ರದಿಂದ ತಂದ ತಹಶೀಲ್ದಾರರ ದಾಖಲೆಯಲ್ಲಿ ವರ್ಷಕ್ಕೆ 84,000 ಅಂತಿರುತ್ತದೆ. ಐದು ಸಾವಿರದ ಲೆಕ್ಕಕ್ಕೆ ಆಗುವುದು 60,000. ಓದುವವರು ನಿಮ್ಮ ಮಾತನ್ನು ಬಿಟ್ಟು ದಾಖಲೆಯನ್ನು ನಂಬುತ್ತಾರೆ. ಆಮೇಲೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ. ಆದ್ದರಿಂದ ದಾಖಲೆ ಕೈಗೆ ಬಂದ ಮೇಲೆ, ಅದರಲ್ಲಿರುವ ಅಂಕಿಯನ್ನೇ ಬರೆಯಿರಿ. ಈ ವರ್ಷ ಬೆಳೆ ಹೋಗಿ ಆದಾಯ ಅದಕ್ಕಿಂತ ಕಡಿಮೆಯಾಗಿದ್ದರೆ, ಅದನ್ನು ಬೇರೆ ಸಾಲಿನಲ್ಲಿ ಹೇಳಿ.

ಭಾಷೆಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಇಂಗ್ಲಿಷ್ ಶಬ್ದ ಹುಡುಕಿ ತುರುಕಿದರೆ ಅದು ಬೇರೆಯವರು ಬರೆದುಕೊಟ್ಟ ಹಾಗೆ ಕಾಣುತ್ತದೆ. ಸಣ್ಣ ವಾಕ್ಯ ಸಾಕು. ಕಾಗುಣಿತ ಮಾತ್ರ ಯಾರಿಗಾದರೂ ತೋರಿಸಿ.

ಆನ್‌ಲೈನ್ ಅರ್ಜಿಯಾದರೆ ಮಿತಿ ಪದಗಳದ್ದೋ ಅಕ್ಷರಗಳದ್ದೋ ನೋಡಿಕೊಳ್ಳಿ. ಅಕ್ಷರ ಲೆಕ್ಕದಲ್ಲಿ ಸಾಮಾನ್ಯವಾಗಿ ಶಬ್ದಗಳ ನಡುವಿನ ಜಾಗವೂ ಸೇರುತ್ತದೆ. ಬೇರೆ ಕಡೆ ಬರೆದು ತಂದು ಅಂಟಿಸಿದಾಗ ಕೊನೆಯ ಸಾಲು ಕತ್ತರಿಸಿ ಹೋಗಬಹುದು. ನೀವು ದುಡ್ಡಿನ ಲೆಕ್ಕ ಇಟ್ಟಿರುವುದೂ ಕೊನೆಯಲ್ಲೇ! ಸಬ್ಮಿಟ್ ಒತ್ತುವ ಮೊದಲು ಪೆಟ್ಟಿಗೆಯೊಳಗೆ ಕೊನೆಯವರೆಗೂ ಓದಿ.

ಕಳಿಸಿದ್ದರ ಒಂದು ಪ್ರಿಂಟ್ ನಿಮ್ಮ ಹತ್ತಿರ ಇರಲಿ. ಸಂದರ್ಶನ ಇದ್ದರೆ ಪ್ರಶ್ನೆಗಳು ಆ ಹಾಳೆಯಿಂದಲೇ ಬರುತ್ತವೆ. ಆ ನೋಟ್‌ಬುಕ್ ತೋರಿಸಿ ಅಂದರೂ ಅಂದಾರು, ಅದನ್ನೂ ಜೊತೆಗೆ ಒಯ್ಯಿರಿ.