ಫಿಲ್ಟರ್‌ನಲ್ಲಿ ರಕ್ತ ಹೆಪ್ಪುಗಟ್ಟದೆ ಮೂರು ದಿನ ನಡೆದ ನಿರಂತರ ಡಯಾಲಿಸಿಸ್: ನನ್ನ ಅನುಭವ

ಸೆಪ್ಸಿಸ್‌ನಿಂದ ಮೂತ್ರಪಿಂಡಗಳು ಹಠಾತ್ತಾಗಿ ಸೋತ, ಸುಮಾರು 70 ಕಿಲೋ ತೂಕದ ರೋಗಿಯೊಬ್ಬರು ನಮ್ಮ ಐಸಿಯುನಲ್ಲಿದ್ದರು. ಮೂರನೆಯ ದಿನ ಮೂತ್ರ 200 ಮಿಲಿಗೆ ಇಳಿದು ಕ್ರಿಯಾಟಿನಿನ್ ಏರುತ್ತಿದ್ದರೂ, ಪೊಟ್ಯಾಸಿಯಂ 5.2ರಷ್ಟೇ ಇದ್ದುದರಿಂದ ಮತ್ತು ಉಸಿರಾಟಕ್ಕೆ ತೊಂದರೆ ಇಲ್ಲದ್ದರಿಂದ ಡಯಾಲಿಸಿಸ್ ಆರಂಭಿಸದೆ ನಾನು ಕಾದೆ. ತುರ್ತು ಕಾರಣವಿಲ್ಲದೆ ಬೇಗ ಆರಂಭಿಸಿದರೆ ಪ್ರಾಣ ಉಳಿಯುವ ಸಾಧ್ಯತೆ ಹೆಚ್ಚುವುದಿಲ್ಲ ಎಂಬುದನ್ನು 2020ರ ಸ್ಟಾರ್ಟ್-ಎಕೆಐ ಅಧ್ಯಯನವೂ ತೋರಿಸಿತ್ತು. ಮರುದಿನ ಪೊಟ್ಯಾಸಿಯಂ 6.6, ಪಿಎಚ್ 7.14 ಆಗಿ ಶ್ವಾಸಕೋಶದಲ್ಲಿ ನೀರು ತುಂಬಿದಾಗ ಕಾಯುವ ಪ್ರಶ್ನೆ ಉಳಿಯಲಿಲ್ಲ.

ಪೊಟ್ಯಾಸಿಯಂ ಬೇಗ ಇಳಿಸಲು ಸಾಮಾನ್ಯ ಡಯಾಲಿಸಿಸ್ಸೇ ಮೇಲು ಎಂದು ಮೊದಲು ಅದನ್ನೇ ಹಾಕಿದೆವು. ಪೊಟ್ಯಾಸಿಯಂ ಇಳಿಯಿತು, ಆದರೆ ನಾಲ್ಕು ಗಂಟೆಯಲ್ಲಿ ಎರಡು ಲೀಟರ್ ನೀರು ತೆಗೆಯುವ ವೇಗವನ್ನು, ಬಿಪಿ ಎತ್ತಿಹಿಡಿಯುವ ನಾರ್‌ಅಡ್ರಿನಲಿನ್ ಮೇಲಿದ್ದ ದೇಹ ತಾಳಲಿಲ್ಲ. ಮುಕ್ಕಾಲು ಗಂಟೆಯೊಳಗೆ ಬಿಪಿ ಕುಸಿದು ನಿಲ್ಲಿಸಬೇಕಾಯಿತು. ಅದೇ ನೀರನ್ನು ಗಂಟೆಗೆ 80-100 ಮಿಲಿಯಂತೆ ಇಡೀ ದಿನ ತೆಗೆಯಬಹುದೆಂಬುದೇ ನಿರಂತರ ವಿಧಾನಕ್ಕೆ ಹೊರಳಲು ಕಾರಣ.

ನಿಜವಾದ ಸೋಲು ಅಲ್ಲಿಂದ ಶುರುವಾಯಿತು. ಪ್ಲೇಟ್‌ಲೆಟ್ 40 ಸಾವಿರದ ಆಸುಪಾಸಿನಲ್ಲಿದ್ದುದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡಲಾಗಲಿಲ್ಲ, ಹಾಗಾಗಿ ಎಂಟು-ಹತ್ತು ಗಂಟೆಗೊಂದು ಫಿಲ್ಟರ್ ಹೆಪ್ಪುಗಟ್ಟುತ್ತಿತ್ತು. ಎರಡು ದಿನಗಳಲ್ಲಿ ನಾಲ್ಕು ಫಿಲ್ಟರ್ ಹೋದವು. ಪ್ರತಿ ಬಾರಿಯೂ ಕಿಟ್‌ನ ಖರ್ಚಿನ ಜೊತೆಗೆ ಕೊಳವೆಯಲ್ಲಿ ಉಳಿದ ರಕ್ತವೂ ನಷ್ಟ. ಗಂಟೆಗೊಮ್ಮೆ ಸಲೈನ್ ಹಾಯಿಸಿ ನೋಡಿದೆ, ನೀರಿನ ಲೆಕ್ಕ ಕೆಟ್ಟಿತೇ ಹೊರತು ಬೇರೇನೂ ಆಗಲಿಲ್ಲ. ಡಯಾಲಿಸಿಸ್ ಪ್ರಮಾಣವನ್ನು ಕಿಲೋಗೆ ಗಂಟೆಗೆ 25 ಮಿಲಿ, ಅಂದರೆ ಗಂಟೆಗೆ 1750 ಮಿಲಿ ಎಂದು ಬರೆದಿದ್ದೆ. ಯಂತ್ರ ಓಡಿದ್ದು ದಿನಕ್ಕೆ 16 ಗಂಟೆ, ಆದ್ದರಿಂದ ರೋಗಿಗೆ ಸಿಕ್ಕಿದ್ದು ಕಿಲೋಗೆ ಸುಮಾರು 17 ಮಿಲಿ ಮಾತ್ರ.

ಆಗ, ಯಂತ್ರದೊಳಗಿನ ರಕ್ತದ ಕ್ಯಾಲ್ಸಿಯಂ ಹಿಡಿದಿಟ್ಟು ಅಲ್ಲಿ ಅದು ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್‌ಗೆ ಬದಲಾಯಿಸಿದೆ. ಸೆಪ್ಸಿಸ್ ರೋಗಿಯಲ್ಲಿ ಅದು ಅಪಾಯವೆಂದು ಸಹೋದ್ಯೋಗಿಗಳು ಅನುಮಾನಿಸಿದರು. ಯಕೃತ್ತು ತೀರಾ ಸೋತಿದ್ದರೆ ಅವರ ಮಾತು ಸರಿಯೇ, ಏಕೆಂದರೆ ಸಿಟ್ರೇಟನ್ನು ಕರಗಿಸುವ ಮುಖ್ಯ ಅಂಗ ಅದೇ. ಈ ರೋಗಿಯ ಯಕೃತ್ತು ಅಷ್ಟೇನೂ ಕೆಟ್ಟಿರಲಿಲ್ಲ, ಲ್ಯಾಕ್ಟೇಟ್ ಇಳಿಯುತ್ತಿತ್ತು, ಹಾಗಾಗಿ ಧೈರ್ಯ ಮಾಡಿದೆ. ರಕ್ತದ ಹರಿವನ್ನು ನಿಮಿಷಕ್ಕೆ 130 ಮಿಲಿಗೆ ಇಳಿಸಿ, ಫಿಲ್ಟರ್ ದಾಟಿದ ಅಯಾನಿಕ ಕ್ಯಾಲ್ಸಿಯಂ 0.25ರಿಂದ 0.35ರೊಳಗೆ, ದೇಹದ್ದು 1.0ರಿಂದ 1.2ರೊಳಗೆ ಇರುವಂತೆ ನೋಡಿಕೊಂಡೆವು. ಒಟ್ಟು ಕ್ಯಾಲ್ಸಿಯಂ ಅಯಾನಿಕದ ಎರಡೂವರೆ ಪಟ್ಟು ದಾಟಿದರೆ ಸಿಟ್ರೇಟ್ ಸೇರಿಕೊಳ್ಳುತ್ತಿದೆ ಎಂದರ್ಥ. ನಮ್ಮಲ್ಲಿ ಅದು 2.2 ದಾಟಲಿಲ್ಲ. ಕ್ಯಾಲ್ಸಿಯಂ ದರ ಏರಿಳಿಸುವ ನಮ್ಮ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ. ಅದು ನಮ್ಮ ದ್ರಾವಣಕ್ಕೆ ಹೊಂದಿಸಿದ್ದು.

ಕ್ಯಾತಿಟರ್ ಸರಿಯಿಲ್ಲದಿದ್ದರೆ ಸಿಟ್ರೇಟ್ ಕೂಡ ಉಳಿಸದು. ರಕ್ತ ಎಳೆಯುವ ಒತ್ತಡ ಮತ್ತೆ ಮತ್ತೆ ಕುಸಿದರೆ ದೋಷ ಕ್ಯಾತಿಟರ್‌ನದು, ಫಿಲ್ಟರ್‌ನ ಎರಡು ತುದಿಗಳ ಒತ್ತಡದ ಅಂತರ ಏರುತ್ತಿದ್ದರೆ ಫಿಲ್ಟರ್ ಹೆಪ್ಪುಗಟ್ಟುತ್ತಿದೆ ಎಂದರ್ಥ. ನಾನು ತೊಡೆಯ ಕ್ಯಾತಿಟರ್ ತೆಗೆದು ಕುತ್ತಿಗೆಯ ಬಲಭಾಗಕ್ಕೆ ಹಾಕಿದ ಮೇಲೆ ಅಲಾರಂಗಳೇ ನಿಂತವು.

ಐದನೆಯ ಫಿಲ್ಟರ್ ಹತ್ತಿರಹತ್ತಿರ 70 ಗಂಟೆ ಓಡಿತು, ಅವಧಿ ಮುಗಿಯಿತೆಂದು ನಾವೇ ಬದಲಿಸಿದೆವು. ಫಾಸ್ಫೇಟ್ ಇಳಿದುಹೋದುದನ್ನು ಮೂರನೆಯ ದಿನ ಗಮನಿಸಿದೆವು, ಮೊದಲೇ ನೋಡಬೇಕಿತ್ತು. ಯಂತ್ರ ಔಷಧವನ್ನೂ ತೆಗೆದುಹಾಕುವುದರಿಂದ ಆ್ಯಂಟಿಬಯಾಟಿಕ್ ಪ್ರಮಾಣವನ್ನೂ ಹೆಚ್ಚಿಸಬೇಕಾಯಿತು. ಒಂಬತ್ತನೆಯ ದಿನ ಮೂತ್ರ ಹೆಚ್ಚಿಸುವ ಔಷಧವಿಲ್ಲದೆಯೇ ಮೂತ್ರ 600 ಮಿಲಿ ಬಂದಾಗ ಯಂತ್ರ ನಿಲ್ಲಿಸಿದೆ.