ಜಗಳವೇ ಇಲ್ಲದ ಮನೆಯಲ್ಲಿ ಸಂಘರ್ಷ ಹುಡುಕಿದ್ದು

ಮೊದಲ ಸಲ ಯುಪಿಎಸ್‌ಸಿ ಮೇನ್ಸ್ ಬರೆದಾಗ ಸಮಾಜಶಾಸ್ತ್ರದ ಎರಡೂ ಪೇಪರ್ ಸೇರಿ 500ಕ್ಕೆ 190ರ ಆಸುಪಾಸು ಬಂದಿತ್ತು. ಎರಡನೇ ಸಲ 250 ದಾಟಿತು. ನಡುವೆ ಹೊಸ ಪುಸ್ತಕ ಒಂದೂ ಓದಲಿಲ್ಲ. ಬದಲಾಗಿದ್ದು ಉದಾಹರಣೆ ಬರೆಯುವ ರೀತಿ ಮಾತ್ರ. ಧಾರವಾಡದ ಸಪ್ತಾಪುರದಲ್ಲಿ ನನ್ನ ರೂಮಿನವರು ಇದನ್ನು ನಂಬಿರಲಿಲ್ಲ. "ಹಳ್ಳಿ ಕಥೆ ಬರೆದರೆ ಮಾರ್ಕ್ಸ್ ಕೊಡಲ್ಲಪ್ಪಾ, ಚಿಂತಕರ ಹೆಸರು ತುಂಬು" ಅಂತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಕುಟುಂಬವನ್ನು ಸಂಘರ್ಷ ದೃಷ್ಟಿಯಿಂದ ನೋಡಿ ಅಂತ ಪ್ರಶ್ನೆ ಬಂದರೆ ನಾನು ಅತ್ತೆ-ಸೊಸೆ ಜಗಳ, ವಿಚ್ಛೇದನ, ಆಸ್ತಿ ಕೋರ್ಟ್ ಕೇಸು ಬರೆಯುತ್ತಿದ್ದೆ. ಕನ್ನಡದಲ್ಲಿ ಬರೆಯುವವರಿಗೆ ಇದು ದೊಡ್ಡ ಬಲೆ. ಸಂಘರ್ಷ ಅನ್ನೋ ಪದ ಕಂಡ ಕೂಡಲೇ ತಲೆಯಲ್ಲಿ ಜಗಳ ಬರುತ್ತದೆ. ಆದರೆ ಈ ದೃಷ್ಟಿ ಕೇಳುವುದು ಬೇರೆ: ಯಾರ ಕೈಯಲ್ಲಿ ಸಂಪನ್ಮೂಲ ಇದೆ, ಯಾರ ದುಡಿಮೆಯಿಂದ ಯಾರಿಗೆ ಲಾಭ. ಜಗಳ ಇರಲೇಬೇಕು ಅಂತಿಲ್ಲ.

ಇದು ಹೊಳೆದದ್ದು ಹಾವೇರಿ ಕಡೆಯ ನಮ್ಮ ಸೋದರತ್ತೆಯ ಮನೆಯಲ್ಲಿ. ಮೂವರು ಅಣ್ಣತಮ್ಮಂದಿರ ಕೂಡು ಕುಟುಂಬ, ಏಳೆಂಟು ಎಕರೆ ಹೊಲ. ದನಿ ಎತ್ತಿ ಮಾತಾಡುವವರೇ ಇಲ್ಲ. ಮೆಣಸಿನಕಾಯಿ ಸುಗ್ಗಿ ನಡೆದಿತ್ತು. ಅಂಗಳದಲ್ಲಿ ಅತ್ತೆ ಮತ್ತು ಅವರ ನೆಗೆಣ್ಣಿಯರು ಕಾಯಿಯ ತೊಟ್ಟು ಬಿಡಿಸುತ್ತಾ ಕೂತಿದ್ದರು. ಪಕ್ಕದಲ್ಲೇ ಕೂಲಿಗೆ ಬಂದ ಇಬ್ಬರು ಹೆಂಗಸರು, ಅದೇ ರಾಶಿ, ಅದೇ ಕೆಲಸ. ಸಂಜೆ ಮಾಮಾ ಬಂದು ಆ ಇಬ್ಬರಿಗೆ ಕೂಲಿ ಎಣಿಸಿ ಕೊಟ್ಟರು. ಅತ್ತೆ ಎದ್ದು ಕೈ ತೊಳೆದು ರೊಟ್ಟಿ ಬಡಿಯಲು ಹೋದರು. ಮರುದಿನ ಮಾಲು ಬ್ಯಾಡಗಿ ಮಾರ್ಕೆಟ್ಟಿಗೆ ಹೋಯಿತು, ಹಣ ಮಾಮಾನ ಕೈಗೆ ಬಂತು.

ಈ ಒಂದೇ ಅಂಗಳವನ್ನು ಎರಡು ಸಲ ಬರೆಯುತ್ತೇನೆ. ಅದೇ ನನ್ನ ವಿಧಾನ.

ಮೊದಲು ಕಾರ್ಯಾತ್ಮಕ ದೃಷ್ಟಿ, ಅಂದರೆ ಕುಟುಂಬ ಸಮಾಜಕ್ಕೆ ಏನು ಕೆಲಸ ಮಾಡಿಕೊಡುತ್ತದೆ ಅಂತ ಕೇಳುವುದು. ಇಲ್ಲಿ ಎಲ್ಲರೂ ಅಮೆರಿಕದ ಸಮಾಜಶಾಸ್ತ್ರಜ್ಞ ಪಾರ್ಸನ್ಸ್‌ನನ್ನು ತರುತ್ತಾರೆ, ನಾನೂ ತಂದು ಕೆಟ್ಟೆ. ಗಂಡ ಹೊರಗೆ ಗಳಿಸುವವನು, ಹೆಂಡತಿ ಒಳಗೆ ಭಾವನೆ ಕಾಯುವವಳು ಅಂತ ಅವನು ಹೇಳಿದ್ದು 1950ರ ದಶಕದ ಅಮೆರಿಕದ ಚಿಕ್ಕ ಕುಟುಂಬ ನೋಡಿ. ನಮ್ಮತ್ತೆ ಹೊಲದಲ್ಲೂ ದುಡಿಯುತ್ತಾರೆ, ಆ ಅಂಗಿ ಅವರಿಗೆ ಒಗ್ಗುವುದಿಲ್ಲ. ಮಾನವಶಾಸ್ತ್ರಜ್ಞ ಮರ್ಡಾಕ್ ಸರಿ ಹೊಂದುತ್ತಾನೆ. 1949ರಲ್ಲಿ ಅವನು 250 ಸಮಾಜಗಳನ್ನು ಹೋಲಿಸಿ ಕುಟುಂಬದ ನಾಲ್ಕು ಕಾರ್ಯ ಹೇಳಿದ, ಅದರಲ್ಲಿ ಆರ್ಥಿಕ ಕಾರ್ಯವೂ ಒಂದು. ಕೆಲಸ ಹಂಚಿಕೊಂಡಿದ್ದರಿಂದ ಸುಗ್ಗಿ ಮುಗಿಯುತ್ತದೆ, ಒಂದೇ ಒಲೆಯಲ್ಲಿ ಎಲ್ಲರಿಗೂ ಊಟ ಆಗುತ್ತದೆ, ಮಳೆ ಕೈಕೊಟ್ಟ ವರ್ಷ ಯಾರೂ ಒಬ್ಬಂಟಿ ಆಗುವುದಿಲ್ಲ.

ಆಮೇಲೆ ಸಂಘರ್ಷ ದೃಷ್ಟಿ. ಒಂದೇ ರಾಶಿಯ ಮುಂದೆ ಕೂತವರಲ್ಲಿ ಕೂಲಿಯವಳಿಗೆ ಹಣ ಸಿಕ್ಕಿತು, ಮನೆಯವಳಿಗೆ ಇಲ್ಲ. ಅಂದರೆ ಆ ಕೆಲಸಕ್ಕೆ ಬೆಲೆ ಇದೆ, ಮನೆಯವಳು ಮಾಡಿದಾಗ ಅದು ಲೆಕ್ಕಕ್ಕೆ ಬರುವುದಿಲ್ಲ. ಹೊಲ ಗಂಡಸರ ಹೆಸರಲ್ಲಿದೆ, ಮುಂದೆ ಗಂಡುಮಕ್ಕಳಿಗೆ ಹೋಗುತ್ತದೆ. ಕುಟುಂಬವನ್ನೂ ಖಾಸಗಿ ಆಸ್ತಿಯನ್ನೂ 1884ರಲ್ಲೇ ಗಂಟು ಹಾಕಿದ ಎಂಗೆಲ್ಸ್ ಇಲ್ಲಿ ಬರುತ್ತಾನೆ. ಆದರೆ ಅವನಲ್ಲೇ ನಿಲ್ಲಬಾರದು. ಕೂಲಿಯವಳು ಮತ್ತು ಮಾಮಾನ ನಡುವಿನದು ವರ್ಗದ ಗೆರೆ, ಅತ್ತೆ ಮತ್ತು ಮಾಮಾನ ನಡುವಿನದು ಲಿಂಗದ ಗೆರೆ. ಸ್ತ್ರೀವಾದಿಗಳು ಹಿಡಿದದ್ದು ಈ ಎರಡನೆಯದನ್ನು. ಎರಡನ್ನೂ ಒಂದೇ ಸಾಲಿನಲ್ಲಿ ಕಲಸಿದರೆ ಉತ್ತರ ಕೆಡುತ್ತದೆ.

ಮನೆಯಲ್ಲಿ ಜಗಳ ಇಲ್ಲ ಅನ್ನೋದನ್ನು ಉತ್ತರದಲ್ಲೇ ಬರೆಯುತ್ತೇನೆ. ಕಾರ್ಯಾತ್ಮಕ ದೃಷ್ಟಿಯವರು ಅದನ್ನು ಮೌಲ್ಯಗಳ ಒಮ್ಮತ ಅಂತಾರೆ, ಸಂಘರ್ಷ ದೃಷ್ಟಿಯವರು ಹೊಲ ಹೆಸರಲ್ಲಿ ಇಲ್ಲದವಳು ಕೇಳುವುದಾದರೂ ಹೇಗೆ ಅಂತಾರೆ. ಒಂದೇ ಮೌನಕ್ಕೆ ಎರಡು ಅರ್ಥ ಬರೆದಾಗ ಉತ್ತರಕ್ಕೆ ಜೀವ ಬಂತು.

ನಡುವೆ ಎರಡು ಕಾಲಂ ಕೋಷ್ಟಕ ಹಾಕಿ ನೋಡಿದೆ, ಒಂದು ತಿಂಗಳು ಹಾಳಾಯಿತು. ಕಾಲಂನಲ್ಲಿ ವಾದ ಬೆಳೆಯುವುದಿಲ್ಲ. ಕುಟುಂಬದ ಪ್ರಶ್ನೆಗಷ್ಟೇ ಅಲ್ಲ, ಬೇರೆ ವಿಷಯಕ್ಕೂ ಈ ವಿಧಾನ ನಡೆಯುತ್ತದೆ. ಅದೇ ಮನೆಯ ಹುಡುಗ ಹುಬ್ಬಳ್ಳಿಯ ಇಂಗ್ಲಿಷ್ ಮೀಡಿಯಂನಲ್ಲಿ, ಹುಡುಗಿ ಊರ ಶಾಲೆಯಲ್ಲಿ ಇದ್ದಾರೆ, ಶಿಕ್ಷಣದ ಪ್ರಶ್ನೆಗೆ ಅದನ್ನು ಬಳಸಿದೆ. ಇಲ್ಲಿ ಪಾರ್ಸನ್ಸ್ ಚೆನ್ನಾಗಿ ಕೂಡುತ್ತಾನೆ: ಮನೆಯಲ್ಲಿ ನಮ್ಮ ಮಗು ಅಂತ ಅಳೆಯುತ್ತಾರೆ, ಶಾಲೆಯಲ್ಲಿ ಎಲ್ಲರಿಗೂ ಒಂದೇ ಅಳತೆಗೋಲು. ಸಂಘರ್ಷದ ಕಡೆಯಿಂದ ಫ್ರೆಂಚ್ ಸಮಾಜಶಾಸ್ತ್ರಜ್ಞ ಬೂರ್ದಿಯೂನನ್ನು ಹಿಡಿದರೆ ಆ ಅಳತೆಗೋಲೇ ಹುಡುಗನಿಗೆ ಮೊದಲೇ ಪರಿಚಯವಾದ ಭಾಷೆಯಲ್ಲಿದೆ.

10 ಅಂಕದ ಪ್ರಶ್ನೆಗೆ 150 ಪದ ಅಷ್ಟೇ. ಅಂಗಳಕ್ಕೆ ಮೂವತ್ತು ಪದ, ಪ್ರತಿ ದೃಷ್ಟಿಗೆ ಐವತ್ತರ ಹತ್ತಿರ ಕೊಡುತ್ತೇನೆ. ಉಳಿದ ಇಪ್ಪತ್ತರಲ್ಲಿ ಏನು ಬರೆಯುತ್ತೇನೆ ಅಂತ ಈಗಲೇ ಹೇಳಲ್ಲ, ಇನ್ನೊಂದು ಪರೀಕ್ಷೆ ಬಾಕಿ ಇದೆ. ಅವತ್ತು ಬೇಡ ಅಂದ ರೂಮ್‌ಮೇಟ್ ಮೊನ್ನೆ ತನ್ನ ಉತ್ತರ ತಂದು ತೋರಿಸಿದ. ಗದಗಿನ ತನ್ನ ಅಜ್ಜಿಯ ಮನೆಯ ಬಗ್ಗೆ ಬರೆದಿದ್ದ.